ಪಹಣಿಗೆ 250 ರೂಪಾಯಿ ಕೊಟ್ಟೆ!

ಹೋದ ತಿಂಗಳು ಬೆಳೆ ಸಾಲಕ್ಕೆ ಪಹಣಿ ಬೇಕಿತ್ತು. ಮೊಬೈಲ್‌ನಲ್ಲಿ ಹುಡುಕಿ, ಮೇಲೆಯೇ ಬಂದ ಸೈಟು ಒತ್ತಿದೆ. ಲಾಂಛನ, ಹಸಿರು ಬಣ್ಣ ಎಲ್ಲಾ ಸರ್ಕಾರದ್ದೇ ಥರ. 250 ರೂಪಾಯಿ ಕಟ್ಟಿದೆ. ಬಂದದ್ದು ಯಾರು ಬೇಕಾದ್ರೂ ಬಿಟ್ಟಿಯಾಗಿ ನೋಡಬಹುದಾದ ಪುಟದ ಫೋಟೋ, ಬ್ಯಾಂಕಿನವರು ತಗೊಳ್ಳಲಿಲ್ಲ.

ಆಮೇಲೆ ಗಮನಿಸಿದೆ, ಆ ಕೊಂಡಿಯ ಪಕ್ಕ 'ಪ್ರಾಯೋಜಿತ' ಅಂತ ಸಣ್ಣಕ್ಷರದಲ್ಲಿತ್ತು, ಅಂದ್ರೆ ಜಾಹೀರಾತು. ನಮ್ಮ ಭೂಮಿ ಪೋರ್ಟಲ್ ವಿಳಾಸ landrecords.karnataka.gov.in. ಇಂಥ ವಿಳಾಸದಲ್ಲಿ ಮೊದಲ ಓರೆಗೆರೆಯ ತನಕ ಮಾತ್ರ ಓದಿ, ಅದರ ಕೊನೆ .gov.in ಇರಬೇಕು. gov ಹಿಂದೆ ಚುಕ್ಕಿಯ ಬದಲು ಅಡ್ಡಗೆರೆ ಇದ್ರೆ (-gov.in), ಅಥವಾ gov.in ಆದಮೇಲೆ .com ಬಂದ್ರೆ ಅದು ಖಾಸಗಿಯವರದ್ದು. ಅಡ್ಡಗೆರೆಯ ಹೆಸರನ್ನು ಯಾರು ಬೇಕಾದ್ರೂ ಕೊಳ್ಳಬಹುದು. ಬೀಗದ ಚಿತ್ರ ನೋಡಿ ನಂಬಬೇಡಿ, ಅದು ಎಲ್ಲರಿಗೂ ಸಿಗುತ್ತೆ.

ಭೂಮಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್, ಹಿಸ್ಸಾ ಕೊಟ್ರೆ ಪಹಣಿ ಪುಕ್ಕಟೆ ಕಾಣುತ್ತೆ. ಹೆಸರು, ವಿಸ್ತೀರ್ಣ ಸರಿಯಿದೆಯಾ ನೋಡೋಕೆ ಇದು ಸಾಕು. ಬ್ಯಾಂಕಿಗೆ ಮಾತ್ರ ಅದೇ ಪೋರ್ಟಲ್‌ನ ಐ-ಆರ್‌ಟಿಸಿ ವಿಭಾಗದಲ್ಲಿ ಸರ್ಕಾರಿ ಶುಲ್ಕ ಕಟ್ಟಿ ಪ್ರತಿ ತಗೊಳ್ಳಿ. ಮೊಬೈಲ್ ಸರಿಹೋಗದಿದ್ರೆ ನಾಡಕಚೇರಿಗೆ ಹೋಗಿ. ನಾನು ಕೊನೆಗೆ ಅಲ್ಲೇ ತಗೊಂಡೆ, ಹಣ ಹೋದದ್ದು ಹೋಯ್ತು.