ಹಲ್ಲಿಗೆ ನುಂಗಿದ ಮಾತ್ರೆ, ಕರುಳಿಗೆ ಬಿದ್ದ ಪೆಟ್ಟು

ಕಳೆದ ವರ್ಷ ನನ್ನ ದವಡೆ ಹಲ್ಲೊಂದರ ಬುಡದಲ್ಲಿ ಕೀವು ಕಟ್ಟಿಕೊಂಡಿತು. ದಂತವೈದ್ಯರು ಐದು ದಿನಕ್ಕೆ '625' ಬರೆದುಕೊಟ್ಟರು. ಮೆಡಿಕಲ್ ಶಾಪಿನವರಿಗೆ ಈ ಮಾತ್ರೆ ಹೆಸರಿಗಿಂತ ಸಂಖ್ಯೆಯಿಂದಲೇ ಹೆಚ್ಚು ಪರಿಚಿತ. ಅದರಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ ಇರುತ್ತದೆ. ಎರಡನೇ ದಿನಕ್ಕೆ ನೋವು ತಗ್ಗಿತು. ಮೂರನೇ ದಿನ ಮಧ್ಯಾಹ್ನದೊಳಗೆ ನಾಲ್ಕು ಸಲ ಹೊಟ್ಟೆ ಕಳಚಿತು. "ನಿನ್ನೆ ಹೋಟೆಲಲ್ಲಿ ತಿಂದೆಯಲ್ಲ, ಅದರದ್ದೇ ಕೆಲಸ" ಎಂದಳು ಅಕ್ಕ. ಪಾಪ, ಆ ಇಡ್ಲಿಯದೇನೂ ತಪ್ಪಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ತಿಳಿಯಲು ದೊಡ್ಡ ಕರುಳಿನ ಕೆಲಸವೇನೆಂದು ನೋಡಬೇಕು. ಸಣ್ಣ ಕರುಳಿನಿಂದ ದಿನವೂ ಸುಮಾರು ಒಂದೂವರೆ ಲೀಟರ್ ನೀರಾದ ಸರಕು ಇಲ್ಲಿಗೆ ಇಳಿಯುತ್ತದೆ. ದೊಡ್ಡ ಕರುಳು ಅದರ ನೀರನ್ನೆಲ್ಲ ಹಿಂದಕ್ಕೆ ಹೀರಿಕೊಂಡು, ಒಂದು ಲೋಟದಷ್ಟನ್ನು ಮಾತ್ರ ಮಲದ ಜೊತೆ ಬಿಡುತ್ತದೆ. ಆದರೆ ಈ ಹೀರುವ ಕೆಲಸ ಅದೊಂದರಿಂದಲೇ ಆಗುವುದಿಲ್ಲ. ನಾವು ತಿಂದ ಅನ್ನ, ಕಾಳು, ಸೊಪ್ಪಿನಲ್ಲಿ ನಮಗೆ ಅರಗದೆ ಉಳಿದ ಪಿಷ್ಟ ಮತ್ತು ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ಇಡ್ಲಿ ಹಿಟ್ಟು ಹುಳಿ ಬರುವಂತೆ ಅಲ್ಲೂ ಆಮ್ಲಗಳು ಹುಟ್ಟುತ್ತವೆ. ಅವುಗಳಲ್ಲೊಂದಾದ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ಈ ಆಮ್ಲಗಳನ್ನು ಕರುಳು ಒಳಗೆಳೆದುಕೊಳ್ಳುವಾಗ ಅವುಗಳ ಜೊತೆ ಉಪ್ಪು ಬರುತ್ತದೆ, ಉಪ್ಪಿನ ಹಿಂದೆಯೇ ನೀರು ಬರುತ್ತದೆ.

ಅಮಾಕ್ಸಿಸಿಲಿನ್‌ಗೆ ಹಲ್ಲಿನ ಕೀವಿನ ಬ್ಯಾಕ್ಟೀರಿಯಾ ಯಾವುದು, ಕರುಳಿನದು ಯಾವುದು ಎಂಬ ಭೇದ ತಿಳಿಯದು. ಹುದುಗಿಸುವವರು ಸತ್ತರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಆಮ್ಲಗಳು ಕಡಿಮೆಯಾಗಿ ಕರುಳಿನ ಹೀರುವ ಶಕ್ತಿ ಕುಗ್ಗುತ್ತದೆ. ಇತ್ತ ಹುದುಗದೆ ಉಳಿದ ಪಿಷ್ಟ, ಸಕ್ಕರೆಗಳು ನೀರನ್ನು ತಮ್ಮ ಬಳಿಯೇ ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳಿನಿಂದ ನೀರು ಹೊರಬರುತ್ತದಲ್ಲ, ಅದೇ ತತ್ತ್ವ. ಜೊತೆಗೆ ಕ್ಲಾವುಲಾನಿಕ್ ಆಮ್ಲ ಕರುಳಿನ ಚಲನೆಯನ್ನೇ ಚುರುಕುಗೊಳಿಸುತ್ತದೆ. ಅಮಾಕ್ಸಿಸಿಲಿನ್ ಒಂದನ್ನೇ ನುಂಗಿದಾಗ ಇಷ್ಟು ಭೇದಿ ಆಗದಿರುವುದಕ್ಕೆ ಇದೊಂದು ಕಾರಣ. ಈ ಮಾತ್ರೆಯನ್ನು ಊಟ ಶುರುಮಾಡುವಾಗ ನುಂಗಿ ಎಂದು ಹೇಳುವುದೂ ಹೊಟ್ಟೆಯ ತೊಂದರೆ ತಗ್ಗಲೆಂದೇ.

ನನ್ನದು ಈ ಸಾದಾ ಬಗೆಯ ಭೇದಿ. ಜ್ವರವಿಲ್ಲ, ರಕ್ತವಿಲ್ಲ, ಕಡಿಮೆ ತಿಂದ ದಿನ ಕಡಿಮೆ. ವೈದ್ಯರಿಗೆ ಫೋನ್ ಮಾಡಿದೆ. ಓಆರ್‌ಎಸ್ ಕುಡಿಯುತ್ತ ಐದು ದಿನ ಮುಗಿಸಿ ಎಂದರು. ಕೊನೆಯ ಮಾತ್ರೆ ನುಂಗಿದ ಮೂರನೇ ದಿನಕ್ಕೆ ಹೊಟ್ಟೆ ತಾನಾಗಿಯೇ ಹದಕ್ಕೆ ಬಂತು. ಹೆಚ್ಚಿನವರ ಕಥೆ ಇಲ್ಲಿಗೇ ಮುಗಿಯುತ್ತದೆ.

ಕೆಲವರದು ಮುಗಿಯುವುದಿಲ್ಲ. 1974ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಪಡೆದ 200 ರೋಗಿಗಳನ್ನು ಗಮನಿಸಿದರು. ಅವರಲ್ಲಿ 42 ಮಂದಿಗೆ ಭೇದಿಯಾಯಿತು. ಕೊಳವೆ ಇಳಿಸಿ ಕರುಳಿನ ಒಳಗೆ ನೋಡಿದಾಗ ಸುಮಾರು 20 ಮಂದಿಯಲ್ಲಿ ಗೋಡೆಗೆ ಹಳದಿ ಪೊರೆಯಂಥ ಚಕ್ಕೆಗಳು ಅಂಟಿದ್ದವು. ಇದು ಬರೀ ನೀರು ಹೀರದ ತೊಂದರೆಯಲ್ಲ, ಕರುಳಿಗೆ ಆದ ಗಾಯ. ಅದನ್ನು ಮಾಡಿದ್ದು ಯಾರೆಂದು ತಿಳಿದದ್ದು 1978ರ ಹೊತ್ತಿಗೆ: ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್, ಚುಟುಕಾಗಿ ಸಿ. ಡಿಫ್. ತಮಾಷೆಯೆಂದರೆ ಈ ಬ್ಯಾಕ್ಟೀರಿಯಾ ಹೊಸ ಮುಖವೇನಲ್ಲ. 1935ರಲ್ಲೇ ಆರೋಗ್ಯವಂತ ಎಳೆಗೂಸುಗಳ ಮಲದಲ್ಲಿ ಅದು ಸಿಕ್ಕಿತ್ತು. ಪ್ರಯೋಗಾಲಯದಲ್ಲಿ ಬೆಳೆಸಲು ಕಷ್ಟ ಕೊಟ್ಟಿದ್ದರಿಂದ 'ಕಷ್ಟದ್ದು' ಎಂಬರ್ಥದ ಆ ಹೆಸರು ಬಂತು. ನಲವತ್ತು ವರ್ಷ ಅದನ್ನು ಯಾರೂ ಅನುಮಾನಿಸಲಿಲ್ಲ.

ಸಿ. ಡಿಫ್ ಗಟ್ಟಿ ಚಿಪ್ಪಿನ ಬೀಜಾಣುವಾಗಿ ಬದುಕುತ್ತದೆ. ಆ್ಯಂಟಿಬಯೋಟಿಕ್ ಅದರ ಚಿಪ್ಪನ್ನು ದಾಟಲಾರದು. ಕೈಗೆ ಹಚ್ಚುವ ಸ್ಯಾನಿಟೈಸರ್‌ನಿಂದಲೂ ಅದು ಸಾಯದು. ಸೋಪು ಹಾಕಿ ಉಜ್ಜಿ ನೀರಲ್ಲಿ ತೊಳೆದು ಕಳೆಯಬೇಕು. ಹಾಗಾದರೆ ನುಂಗಿದವರೆಲ್ಲರ ಹೊಟ್ಟೆಯಲ್ಲಿ ಅದೇಕೆ ಮೊಳೆಯುವುದಿಲ್ಲ? ಉತ್ತರ ಇರುವುದು ಪಿತ್ತರಸದಲ್ಲಿ, ನನಗೆ ಈ ವಿಷಯದಲ್ಲಿ ಅತ್ಯಂತ ಸೋಜಿಗ ಎನಿಸುವ ಭಾಗವೂ ಇದೇ. ಕೊಬ್ಬು ಕರಗಿಸಲು ಯಕೃತ್ತು ಸುರಿಸುವ ಪಿತ್ತಾಮ್ಲ ತಾಗಿದರೆ ಬೀಜಾಣು ಎಚ್ಚರಗೊಂಡು ಮೊಳೆಯುತ್ತದೆ. ಆದರೆ ಆ ಪಿತ್ತಾಮ್ಲ ದೊಡ್ಡ ಕರುಳಿಗೆ ಬಂದ ಮೇಲೆ ಅಲ್ಲಿನ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳು ಅದರ ರಚನೆಯನ್ನು ತುಸು ಬದಲಿಸಿ ಬೇರೊಂದು ಆಮ್ಲವಾಗಿಸುತ್ತವೆ. ಈ ಎರಡನೆಯದು ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಈ ಕೆಲಸ ಬಲ್ಲ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಆ್ಯಂಟಿಬಯೋಟಿಕ್ ತಿಂದ ಇಲಿಗಳಿಗೆ ಮರಳಿ ಕೊಟ್ಟಾಗ ಅವುಗಳಲ್ಲಿ ರೋಗ ತಡೆಯುವ ಶಕ್ತಿ ಹೆಚ್ಚಿತೆಂದು 2015ರ ಪ್ರಯೋಗವೊಂದು ತೋರಿಸಿತು. ಈ ಕೆಲವರು ಮಾತ್ರೆಗೆ ಸಿಕ್ಕಿ ಸತ್ತರೆ, ಎಬ್ಬಿಸುವ ಆಮ್ಲ ಹಾಗೇ ಉಳಿಯುತ್ತದೆ, ತಡೆಯುವ ಆಮ್ಲ ಇಲ್ಲವಾಗುತ್ತದೆ. ಮೊಳೆತ ಸಿ. ಡಿಫ್ ಎರಡು ವಿಷಗಳನ್ನು ಸ್ರವಿಸಿ ಕರುಳಿನ ಒಳಪದರವನ್ನು ಕೊರೆಯುತ್ತದೆ.

ಇದನ್ನು ಸಾದಾ ಭೇದಿಯಿಂದ ಬೇರೆ ಮಾಡಿ ಗುರುತಿಸಬಹುದು. ಜ್ವರ ಬರುತ್ತದೆ, ಹೊಟ್ಟೆ ಹಿಂಡುತ್ತದೆ, ಉಪವಾಸವಿದ್ದರೂ ರಾತ್ರಿಯಲ್ಲೂ ಭೇದಿ ನಿಲ್ಲುವುದಿಲ್ಲ, ಕೆಲವೊಮ್ಮೆ ರಕ್ತ ಕಾಣುತ್ತದೆ. ಮಾತ್ರೆ ಮುಗಿಸಿ ವಾರಗಳಾದ ಮೇಲೂ ಶುರುವಾಗಬಹುದು. ಹೀಗಾಗಿ ಭೇದಿಯೆಂದು ಹೋದವರನ್ನು ಅನುಭವಿ ವೈದ್ಯರು ಕಳೆದ ಮೂರು ತಿಂಗಳಲ್ಲಿ ಏನೇನು ಮಾತ್ರೆ ತಿಂದಿರಿ ಎಂದು ಕೇಳುತ್ತಾರೆ, ಮಲದಲ್ಲಿ ವಿಷವಿದೆಯೇ ಎಂದು ಪರೀಕ್ಷಿಸುತ್ತಾರೆ. ವಯಸ್ಸಾದವರಲ್ಲಿ, ಆಸ್ಪತ್ರೆಯಲ್ಲಿ ಮಲಗಿ ಬಂದವರಲ್ಲಿ ಈ ಅನುಮಾನ ಬಲವಾಗಿರಬೇಕು. ಇಂಥಲ್ಲಿ ಭೇದಿ ಕಟ್ಟುವ ಮಾತ್ರೆಯನ್ನು ತಾವಾಗಿ ನುಂಗಿದರೆ ವಿಷ ಒಳಗೇ ನಿಲ್ಲುತ್ತದೆ.

ಚಿಕಿತ್ಸೆಗೆ ಬಳಸುವ ವ್ಯಾಂಕೋಮೈಸಿನ್ ಕೂಡ ಆ್ಯಂಟಿಬಯೋಟಿಕ್ಕೇ. ಅದನ್ನು ಬಾಯಿಯ ಮೂಲಕವೇ ಕೊಡಬೇಕು, ರಕ್ತಕ್ಕೆ ಹಾಕಿದರೆ ದೊಡ್ಡ ಕರುಳಿನ ಒಳಗೆ ಸಾಕಷ್ಟು ಮುಟ್ಟುವುದಿಲ್ಲ. ಅದು ಸಿ. ಡಿಫ್ ಅನ್ನು ಕೊಲ್ಲುತ್ತದೆ, ಅಳಿದುಳಿದ ನೆರೆಹೊರೆಯವರನ್ನೂ ಕೊಲ್ಲುತ್ತದೆ. ಇದರಿಂದಾಗಿ ಸುಮಾರು ಐವರಲ್ಲಿ ಒಬ್ಬರಿಗೆ ರೋಗ ಮರುಕಳಿಸುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು ಮರುಕಳಿಸಿದ ಇಂಥ ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಮೂಗಿನ ಕೊಳವೆಯಿಂದ ಕರುಳಿಗಿಳಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ವ್ಯಾಂಕೋಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದದ್ದು ನಾಲ್ವರು. ಕೇಳಲು ಅಸಹ್ಯ, ಆದರೆ ಸತ್ತವರ ಜಾಗಕ್ಕೆ ಇಡೀ ಊರನ್ನೇ ತಂದು ಕೂರಿಸುವ ಬೇರೆ ದಾರಿ ಆಗಿರಲಿಲ್ಲ.

ಮೊಸರು ತಿಂದರೆ ಸಾಲದೇ ಎಂದು ಅಕ್ಕ ಕೇಳಿದಳು. ಮೊಸರನ್ನ ಹೊಟ್ಟೆಗೆ ಹಿತ, ತಿನ್ನಲು ಅಡ್ಡಿಯಿಲ್ಲ. ಆದರೆ ಹಾಲು ಹೆಪ್ಪಾಗಿಸುವ ಬ್ಯಾಕ್ಟೀರಿಯಾ ಬೇರೆ, ಕಾಳಿನ ನಾರು ಹುದುಗಿಸುವ, ಪಿತ್ತಾಮ್ಲ ಬದಲಿಸುವ ಬ್ಯಾಕ್ಟೀರಿಯಾ ಬೇರೆ. ಮಾತ್ರೆಯಾಗಿ ಮಾರುವ ಪ್ರೊಬಯೋಟಿಕ್‌ಗಳು ಭೇದಿಯನ್ನು ಒಂದಿಷ್ಟು ತಗ್ಗಿಸುವುದುಂಟು. ಆದರೂ 2018ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು ಒಂದು ವಿಚಿತ್ರ ಕಂಡರು. ಆ್ಯಂಟಿಬಯೋಟಿಕ್ ಮುಗಿಸಿದ ಮೇಲೆ ಹಲವು ಬ್ಯಾಕ್ಟೀರಿಯಾಗಳ ಪ್ರೊಬಯೋಟಿಕ್ ಮಿಶ್ರಣ ನುಂಗಿದವರ ಕರುಳಿಗೆ ಹಳೆಯ ನಿವಾಸಿಗಳು ಮರಳಲು, ಏನೂ ನುಂಗದೆ ಸುಮ್ಮನಿದ್ದವರಿಗಿಂತ ಹೆಚ್ಚು ಕಾಲ ಬೇಕಾಯಿತು. ಬೇಗ ಮರಳಿದ್ದು, ಮೊದಲೇ ತೆಗೆದಿಟ್ಟಿದ್ದ ತಮ್ಮದೇ ಮಲವನ್ನು ಮರಳಿ ಪಡೆದವರಿಗೆ.

ಇದಿಷ್ಟನ್ನೂ ವಿವರಿಸಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಹೋಗಿ, ಹೋದ ಸಲದ ನೆಗಡಿಗೆಂದು ತಂದು ಅರ್ಧ ಉಳಿಸಿಟ್ಟಿದ್ದ ಒಂದು ಪಟ್ಟಿ 625 ತಂದು ಮೇಜಿನ ಮೇಲಿಟ್ಟಳು. "ಇದು ನೆಗಡಿಗೆ ಅಲ್ವಾ ಹಾಗಾದ್ರೆ?" ನೆಗಡಿ ವೈರಸ್ಸಿನದು, ಮಾತ್ರೆ ಸಾಯಿಸಿದ್ದು ಅವಳ ಹೊಟ್ಟೆಯವರನ್ನು ಮಾತ್ರ.