ಒಂದೇ ದೇಶದ ಮೇಲೆ ಎರಡು ನಿರ್ಬಂಧ

2013ರ ಏಪ್ರಿಲ್‌ನಲ್ಲಿ ಮಂಗಳೂರಿನ ಎಂಆರ್‌ಪಿಎಲ್ ಇರಾನ್‌ನಿಂದ ಕಚ್ಚಾ ತೈಲ ತರಿಸುವುದನ್ನು ನಿಲ್ಲಿಸಿತು. ಖರೀದಿಸಬೇಡಿ ಎಂದು ಭಾರತ ಸರ್ಕಾರ ಹೇಳಿರಲಿಲ್ಲ. ಆದರೆ ಇರಾನ್ ತೈಲ ಬಳಸುವ ಘಟಕಕ್ಕೆ ವಿಮೆಯ ಭದ್ರತೆ ಸಿಗುವುದೇ ಅನುಮಾನವಾಯಿತು. ನಮ್ಮ ವಿಮಾ ಕಂಪನಿಗಳ ಬೆನ್ನಿಗಿದ್ದ ಮರುವಿಮೆದಾರರು ಯುರೋಪಿನವರು, ಅವರಿಗೆ ಅಲ್ಲಿನ ಕಾನೂನಿನ ಭಯ. ಖರೀದಿ ಮತ್ತೆ ಶುರುವಾಗಲು ಆಗಸ್ಟ್ ಬರಬೇಕಾಯಿತು.

ಆರ್ಥಿಕ ನಿರ್ಬಂಧ ಕೆಲಸ ಮಾಡುವುದು ಹೀಗೆ. ಹಡಗನ್ನು ಯಾರೂ ತಡೆಯುವುದಿಲ್ಲ. ಅದಕ್ಕೆ ಬೇಕಾದ ವಿಮೆ, ಬ್ಯಾಂಕು, ಡಾಲರ್ ಒಂದೊಂದಾಗಿ ದೂರ ಸರಿಯುತ್ತವೆ. 2012ರಲ್ಲಿ ಇರಾನಿನ ಬ್ಯಾಂಕುಗಳನ್ನು ಸ್ವಿಫ್ಟ್ ಜಾಲದಿಂದ ಹೊರಗಿಟ್ಟರು, ಯುರೋಪ್ ತೈಲ ಖರೀದಿ ನಿಲ್ಲಿಸಿತು. ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ರಫ್ತು ಅರ್ಧಕ್ಕಿಂತ ಕೆಳಗಿಳಿಯಿತು. ಮಾರಿದ ತೈಲದ ಹಣವೂ ಕೈಗೆ ಸಿಗುತ್ತಿರಲಿಲ್ಲ. ಭಾರತ ಕೊಡಬೇಕಾದ ಮೊತ್ತದ ಒಂದು ಪಾಲು ಯುಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಜಮೆಯಾಗುತ್ತಿತ್ತು, ಅದರಿಂದ ಇರಾನ್ ನಮ್ಮ ಅಕ್ಕಿಯಂಥ ಸರಕನ್ನು ಕೊಳ್ಳಬೇಕಿತ್ತು.

ಈ ಒತ್ತಡ ಫಲ ಕೊಟ್ಟಿತು. 2015ರ ಜುಲೈನಲ್ಲಿ ಒಪ್ಪಂದ ಏರ್ಪಟ್ಟಿತು: ಯುರೇನಿಯಂ ಸಂವರ್ಧನೆ ಶೇ 3.67 ಮೀರಕೂಡದು, ಸಂಗ್ರಹ 300 ಕಿಲೋ ದಾಟಕೂಡದು, ಪರಿವೀಕ್ಷಕರಿಗೆ ಬಾಗಿಲು ತೆರೆದಿರಬೇಕು. ಕಷ್ಟವೊಂದೇ ಇರಾನನ್ನು ಮಾತುಕತೆಗೆ ತಂದಿತೆಂದು ನಾನು ನಂಬುವುದಿಲ್ಲ. ಅಮೆರಿಕದ ಜೊತೆ ಯುರೋಪ್, ರಷ್ಯಾ, ಚೀನಾ ಕೂಡ ನಿಂತಿದ್ದವು. ಕೇಳಿದ್ದು ಅಣು ಕಾರ್ಯಕ್ರಮಕ್ಕೆ ಮಿತಿಯನ್ನು ಮಾತ್ರ. ಅಷ್ಟನ್ನು ಒಪ್ಪಿದರೆ ಕಟ್ಟು ಸಡಿಲವಾಗುತ್ತದೆಂಬ ಭರವಸೆಯೂ ಇತ್ತು.

2018ರ ಮೇನಲ್ಲಿ ಟ್ರಂಪ್ ಒಪ್ಪಂದದಿಂದ ಹೊರನಡೆದಾಗ ಇರಾನ್ ಅದನ್ನು ಪಾಲಿಸುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೇ ವರದಿ ಮಾಡುತ್ತಿತ್ತು. ಈ ಸಲದ ಹೊಡೆತ ಇನ್ನೂ ಜೋರು. 2019ರ ಮೇನಲ್ಲಿ ವಿನಾಯಿತಿ ಮುಗಿದ ಮೇಲೆ ಭಾರತವೂ ಖರೀದಿ ಕೈಬಿಟ್ಟಿತು. ಆದರೆ ಬೇಡಿಕೆಗಳು ಹನ್ನೆರಡಾದವು. ಕ್ಷಿಪಣಿ, ನೆರೆ ದೇಶಗಳಲ್ಲಿನ ಸಶಸ್ತ್ರ ಗುಂಪುಗಳಿಗೆ ಬೆಂಬಲ, ಎಲ್ಲವನ್ನೂ ಬಿಡಬೇಕು. ಅಷ್ಟನ್ನೂ ಬಿಡುವುದೆಂದರೆ ತಮ್ಮ ಆಡಳಿತವನ್ನೇ ಬಿಟ್ಟಂತೆ ಎಂದು ಟೆಹರಾನಿನವರಿಗೆ ಕಂಡಿತು. ಒಮ್ಮೆ ಮಾತು ಮುರಿದವರು ಮತ್ತೆ ಮುರಿಯುವುದಿಲ್ಲ ಎನ್ನುವುದಕ್ಕೆ ಖಾತ್ರಿಯೂ ಇರಲಿಲ್ಲ. ಮುಂದೆ ಚೀನಾದ ಸಣ್ಣ ಖಾಸಗಿ ಸಂಸ್ಕರಣಾಗಾರಗಳು ರಿಯಾಯಿತಿ ದರಕ್ಕೆ ತೈಲ ಕೊಳ್ಳತೊಡಗಿದವು. ಟ್ಯಾಂಕರುಗಳು ತಾವಿರುವ ಜಾಗ ತಿಳಿಸುವ ಉಪಕರಣವನ್ನು ಆರಿಸಿ, ನಡುಸಮುದ್ರದಲ್ಲಿ ಹಡಗಿನಿಂದ ಹಡಗಿಗೆ ತೈಲ ದಾಟಿಸಿದವು.

ಏಟು ಬಿದ್ದದ್ದು ಜನಸಾಮಾನ್ಯರಿಗೆ. ಔಷಧಕ್ಕೆ ಕಾಗದದ ಮೇಲೆ ವಿನಾಯಿತಿ ಇತ್ತು, ಆದರೆ ದಂಡಕ್ಕೆ ಹೆದರಿದ ವಿದೇಶಿ ಬ್ಯಾಂಕುಗಳು ಅದರ ಹಣವನ್ನೂ ದಾಟಿಸಲಿಲ್ಲ. ಕ್ಯಾನ್ಸರ್ ರೋಗಿಗಳು ಆಮದು ಔಷಧಕ್ಕಾಗಿ ಪರದಾಡಿದರು. ಇದನ್ನು ಅನಿವಾರ್ಯ ನಷ್ಟವೆಂದು ಲೆಕ್ಕದಿಂದ ತೆಗೆಯುವುದು ಅನ್ಯಾಯ. ಅತ್ತ ಕಳ್ಳದಾರಿಯ ವ್ಯಾಪಾರವನ್ನು ಹಿಡಿದಿದ್ದ ರೆವಲ್ಯೂಷನರಿ ಗಾರ್ಡ್ಸ್‌ನ ಹಿಡಿತ ಸಡಿಲವಾಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಇರಾನ್ ಶೇ 60ರ ಸಂವರ್ಧನೆ ಆರಂಭಿಸಿತು. ಬಾಂಬಿಗೆ ಬೇಕಾದ ಶೇ 90ರ ಮಟ್ಟಕ್ಕೆ ಅಲ್ಲಿಂದ ಹೆಚ್ಚು ದೂರವಿಲ್ಲ. ಸಂವರ್ಧನೆಯ ಶ್ರಮದಲ್ಲಿ ಬಹುಪಾಲು ಅಷ್ಟು ಹೊತ್ತಿಗೆ ಮುಗಿದಿರುತ್ತದೆ.