ಬರೀ ‘5 ಬಿ’ ಎಂದು ಬಂದ ಮೆಸೇಜು

ಪಾಲಕರು ಮಗುವಿನ ತರಗತಿ, ಸೆಕ್ಷನ್ ಮಾತ್ರ ಬರೆದು ಮೆಸೇಜ್ ಕಳಿಸಿದರೆ ಶಾಲೆಯವರಿಗೆ ಏನು ಗೊತ್ತಾಗುತ್ತದೆ?

ಬರೆದ ಅಕ್ಷರಗಳಿಂದ ಗೊತ್ತಾಗುವುದು ಕಡಿಮೆಯೇ. ಆಟೊ ಹತ್ತಿ ‘ಐದನೇ ಕ್ರಾಸ್’ ಎಂದಷ್ಟೇ ಹೇಳಿದ ಹಾಗೆ. ಬೀದಿ ಸಿಕ್ಕಿತು, ಮನೆ ಸಿಗಲಿಲ್ಲ. ಸೆಕ್ಷನ್‌ನಲ್ಲಿ 38 ಮಕ್ಕಳಿದ್ದರೆ 38 ಮನೆಗಳಲ್ಲಿ ಅದು ಯಾವುದಾದರೂ ಆದೀತು.

ಆದರೆ ಮೆಸೇಜಿನ ಜೊತೆಗೇ ಕಳಿಸಿದವರ ಫೋನ್ ನಂಬರೂ ಬಂದಿರುತ್ತದೆ. ಗುಮಾಸ್ತರು ಅದನ್ನು ದಾಖಲಾತಿ ಸಮಯದಲ್ಲಿ ಕೊಟ್ಟ ನಂಬರುಗಳ ಪಟ್ಟಿಯಲ್ಲಿ ಹುಡುಕುತ್ತಾರೆ. ಅದೇ ನಂಬರು ಐದನೇ ತರಗತಿಯ ಅಕ್ಕನಿಗೂ ಎರಡನೇ ತರಗತಿಯ ತಮ್ಮನಿಗೂ ಇದ್ದರೆ, ಆಗ ‘5 ಬಿ’ಗೆ ಬೆಲೆ ಬರುತ್ತದೆ: ವಿಷಯ ಅಕ್ಕನದು.

ಯಾಕೆ ಕಳಿಸಿದರು ಎಂಬುದಕ್ಕೆ ಹೊತ್ತು ನೋಡಬೇಕು, ಹಿಂದಿನ ಸಂದೇಶವನ್ನೂ ನೋಡಬೇಕು. ‘ಪ್ರವಾಸಕ್ಕೆ ಬರುವವರು ಹೆಸರು, ತರಗತಿ, ಸೆಕ್ಷನ್ ತಿಳಿಸಿ’ ಎಂದು ಶಾಲೆ ಹಿಂದಿನ ಸಂಜೆ ಕೇಳಿದ್ದರೆ, ಇದು ಅರ್ಧ ಉತ್ತರ. ತಮ್ಮ ಮಗಳ ಹೆಸರು ಶಾಲೆಗೆ ಗೊತ್ತೇ ಇದೆಯಲ್ಲ ಎಂದುಕೊಂಡು ಬಿಟ್ಟಿರುತ್ತಾರೆ, ಪಾಪ. ಅಂಥದ್ದೇನೂ ಕೇಳಿರದಿದ್ದರೆ, ಬೆಳಿಗ್ಗೆ ಎಂಟೂವರೆಗೆ ಬಂದದ್ದು ಬಹುಶಃ ರಜೆಯ ವಿಷಯ. ಮುಂದಿನ ಸಾಲು ಟೈಪ್ ಮಾಡುವಷ್ಟರಲ್ಲಿ ಹಾಲು ಉಕ್ಕಿರಲೂಬಹುದು!

ಬಹುಶಃ ಎಂಬುದನ್ನು ನಂಬಿ ಹಾಜರಿ ಪುಸ್ತಕದಲ್ಲಿ ರಜೆ ಬರೆಯುವಂತಿಲ್ಲ. ‘ಮಗುವಿನ ಹೆಸರು? ಏನು ವಿಷಯ?’ ಎಂದು ಕೇಳಿದರೆ ಆಯಿತು. ನಂಬರು ಪಟ್ಟಿಯಲ್ಲೇ ಇಲ್ಲದಿದ್ದರೆ, ಅದು ಅಜ್ಜನ ಫೋನೇ ಇರಲಿ, ಮಗುವಿನ ಹೆಸರನ್ನು ಶಾಲೆಯವರು ತಾವಾಗಿ ಹೇಳದೆ ಪಟ್ಟಿಯಲ್ಲಿರುವ ನಂಬರಿಗೆ ಕರೆ ಮಾಡುತ್ತಾರೆ.